ಮಂಚ ಆರ್ಡರ್ ಮಾಡುವ ಮುಂಚೆ

ಬೆಂಗಳೂರಲ್ಲಿ ಮಂಚ, ವಾರ್ಡ್‌ರೋಬ್ ಜೋಡಿಸುವುದು, ರಿಪೇರಿ ಮಾಡುವುದು ನನ್ನ ಕೆಲಸ. ಈಚೆಗೆ ಬರುವ ಫೋನುಗಳಲ್ಲಿ ಜಾಸ್ತಿ ಒಂದೇ ಮಾತು: "ಫೋಟೋದಲ್ಲಿ ಹಿಂಗಿರಲಿಲ್ಲ ಸರ್." ಹೋದ ವರ್ಷ ಜೆ.ಪಿ. ನಗರದ ಒಬ್ಬ ಮೇಡಂ ಹೀಗೇ ಕರೆದರು. ಕೆಳಗೆ ಸ್ಟೋರೇಜ್ ಇರುವ ಕ್ವೀನ್ ಸೈಜ್ ಮಂಚ, ಮೂರೇ ವಾರಕ್ಕೆ ಕರಕರ ಸದ್ದು ಮಾಡುತ್ತಿತ್ತು. ನಾನು ಮೊದಲು ಮಂಚ ನೋಡಲಿಲ್ಲ, ಅವರು ಆರ್ಡರ್ ಮಾಡಿದ ಪೇಜ್ ತೆಗೆಸಿದೆ. ಗೊತ್ತಾಗಬೇಕಾದದ್ದು ಬಹುಪಾಲು ಅಲ್ಲೇ ಇತ್ತು.

ಹೆಸರಲ್ಲಿ "ಶೀಶಮ್ ಫಿನಿಶ್" ಅಂತಿತ್ತು. ಫಿನಿಶ್ ಅಂದರೆ ಬಣ್ಣ ಅಷ್ಟೇ, ಮರ ಅಲ್ಲ. ಕೆಳಗೆ ಮೆಟೀರಿಯಲ್ ಅನ್ನುವ ಸಾಲಿನಲ್ಲಿ "ಎಂಜಿನಿಯರ್ಡ್ ವುಡ್" ಅಂತ ಬರೆದಿದ್ದರು. ಇದು ಮರದ ಚೂರುಗಳನ್ನು ಅಂಟು ಹಾಕಿ ಒತ್ತಿದ ಪಾರ್ಟಿಕಲ್ ಬೋರ್ಡೂ ಆಗಬಹುದು, ಮರದ ನಾರನ್ನು ಹಾಗೇ ಒತ್ತಿದ ಎಂಡಿಎಫ್ಫೂ ಆಗಬಹುದು, ಪ್ಲೈವುಡ್ಡೂ ಆಗಬಹುದು. ಪ್ಲೈವುಡ್ ಆಗಿದ್ದರೆ ಮಾರುವವರು ಅದನ್ನು ಬಾಯಿ ಬಿಟ್ಟು ಹೇಳದೆ ಇರುವುದು ಕಡಿಮೆ.

ಆಮೇಲೆ ತಲೆಹಲಗೆಯ ಫೋಟೋ ದೊಡ್ಡದು ಮಾಡಿ ನೋಡಿದೆವು. ಎಡಗಡೆ ಒಂದು ಗಂಟು, ಒಂದೂವರೆ ಅಡಿ ಬಲಕ್ಕೆ ಅದೇ ಗಂಟು, ಅದೇ ಸೊಟ್ಟ ಗೆರೆ. ಮರದಲ್ಲಿ ಒಂದೇ ಗಂಟು ಎರಡು ಸಲ ಬರುತ್ತದಾ? ಅದು ಮೇಲೆ ಅಂಟಿಸಿದ ಪ್ರಿಂಟು. ಹಲಗೆಯ ಅಂಚು ಕಾಣುವ ಫೋಟೋ ಒಂದೂ ಇರಲಿಲ್ಲ. ಗಟ್ಟಿ ಮರವಾದರೆ ಮೇಲಿನ ಎಳೆ ಅಂಚಿಗೂ ಇಳಿದು ಬರುತ್ತದೆ, ತುದಿ ಕಡೆ ಬೇರೆ ಥರ ಕಾಣುತ್ತದೆ. ಹಾಗಾಗಿ ಅಂಚು ತೋರಿಸದ ಪೇಜ್ ಕಂಡರೆ ನನಗೆ ಅಲ್ಲೇ ಅನುಮಾನ.

ಜನ ಹೆಚ್ಚಾಗಿ ನೋಡದೆ ಬಿಡುವ ಸಾಲು ಒಂದಿದೆ, ತೂಕ. ಈ ಥರದ ಮಂಚವನ್ನು 18 ಎಂಎಂ ಬೋರ್ಡಿನಲ್ಲಿ ಮಾಡಿದರೆ ತಳದ ತೆಳು ಹಲಗೆ ಬಿಟ್ಟು ಎಂಟಡಿ ನಾಲ್ಕಡಿಯ ಶೀಟು ಸುಮಾರು ಎರಡೂವರೆ ಬೇಕು. ಅಂಥ ಪಾರ್ಟಿಕಲ್ ಬೋರ್ಡ್ ಶೀಟು ಒಂದಕ್ಕೆ 35 ಕೆಜಿ ಆಸುಪಾಸು ಬರುತ್ತದೆ, ಅಂದರೆ ಮಂಚ 85 ಕೆಜಿ ದಾಟಬೇಕು. ಪೇಜಿನಲ್ಲಿ ಇದ್ದದ್ದು 62. ಟೇಪು ಹಿಡಿದು ನೋಡಿದರೆ ಹಲಗೆ 12 ಎಂಎಂ! ತೂಕ ಜಾಸ್ತಿ ಅಂದ ಮಾತ್ರಕ್ಕೆ ಮರ ಒಳ್ಳೆಯದು ಅಂತಲ್ಲ, ಪಾರ್ಟಿಕಲ್ ಬೋರ್ಡೇ ಸಾಕಷ್ಟು ಭಾರ. ಆದರೆ ತೀರಾ ಕಡಿಮೆ ತೂಕ ಕಂಡರೆ ಎಲ್ಲೋ ಹಲಗೆ ತೆಳುವಾಗಿದೆ ಅಂತಲೇ ಲೆಕ್ಕ.

ರಿವ್ಯೂ 4.3 ಸ್ಟಾರ್ ಇತ್ತಲ್ಲ ಅಂದರು ಮೇಡಂ. ಐದು ಸ್ಟಾರಿನವು ಓದಿ ನೋಡಿದರೆ "ಬೇಗ ಬಂತು", "ಫಿಟ್ ಮಾಡಿದ ಹುಡುಗ ಒಳ್ಳೆಯವನು" ಅಂತಲೇ ಜಾಸ್ತಿ. ಅದೆಲ್ಲ ಮೊದಲ ದಿನದ ಖುಷಿ, ಆ ಮಂಚದ ಮೇಲೆ ಅವರಿನ್ನೂ ಮಲಗಿಯೇ ಇಲ್ಲ. ನಾನು ಎರಡು, ಮೂರು ಸ್ಟಾರಿನವನ್ನು ಓದುತ್ತೇನೆ, ಅದರಲ್ಲೂ ಆರು ತಿಂಗಳು ಬಳಸಿದ ಮೇಲೆ ಬರೆದದ್ದನ್ನು. ಬಾಡಿಗೆ ಮನೆಯವರಾದರೆ "ಶಿಫ್ಟಿಂಗ್" ಅನ್ನುವ ಪದ ಹಾಕಿ ಹುಡುಕಿ. ಪಾರ್ಟಿಕಲ್ ಬೋರ್ಡಿನಲ್ಲಿ ಒಮ್ಮೆ ಬಿಚ್ಚಿದ ಸ್ಕ್ರೂ ಮತ್ತೆ ಅದೇ ತೂತಿನಲ್ಲಿ ಮೊದಲಿನ ಹಾಗೆ ಕಚ್ಚುವುದಿಲ್ಲ, ಪುಡಿ ಉದುರುತ್ತದೆ. ಎರಡನೇ ಮನೆಗೆ ಹೋದಾಗ ಏನಾಯಿತು ಅಂತ ಬರೆದ ಒಂದು ರಿವ್ಯೂ ಹೊಗಳಿಕೆಯ ಇಪ್ಪತ್ತು ರಿವ್ಯೂಗೆ ಸಮ. ಗ್ರಾಹಕರು ಹಾಕಿದ ಫೋಟೋಗಳಲ್ಲಿ ಮಂಚದ ಅಂದ ಬಿಡಿ, ಮೂಲೆ ನೋಡಿ, ಹಲಗೆ ಸೇರುವ ಕಡೆ ಸಂದು ಬಿಟ್ಟಿದೆಯಾ ಅಂತ.

ಇನ್ನು ರಿಟರ್ನ್. ಏಳು ದಿನ ಅಂತ ದಪ್ಪಕ್ಷರದಲ್ಲಿತ್ತು. ಆದರೆ ಆ ಏಳು ದಿನ ಶುರುವಾಗುವುದು ಪೆಟ್ಟಿಗೆ ಮನೆಗೆ ಬಂದ ದಿನದಿಂದ, ಜೋಡಿಸಿದ ದಿನದಿಂದ ಅಲ್ಲ. ಇವರ ಮನೆಗೆ ಜೋಡಿಸುವವರು ಬಂದದ್ದು ಐದನೇ ದಿನ. ಕೆಳಗೆ ಸಣ್ಣಕ್ಷರದಲ್ಲಿ "ಜೋಡಿಸಿದ ಮೇಲೆ ವಾಪಸ್ ಇಲ್ಲ, ಬದಲಿ ಮಾತ್ರ" ಅಂತ ಬೇರೆ. ಬದಲಿ ಅಂದರೆ ಅಂಥದ್ದೇ ಇನ್ನೊಂದು 12 ಎಂಎಂ ಮಂಚ, ಅಲ್ವಾ? ಅದಕ್ಕೇ ನಾನು ಹೇಳುವುದು, ಪೆಟ್ಟಿಗೆ ಬಂದ ದಿನವೇ ವಿಡಿಯೋ ಮಾಡಿಕೊಂಡು ಬಿಚ್ಚಿ, ಹಲಗೆಯ ದಪ್ಪ ಅಳೆಯಿರಿ, ಮೂಲೆ ಜಜ್ಜಿದೆಯಾ ನೋಡಿ, ಆಮೇಲೆ ಸ್ಕ್ರೂ ಹಾಕಲು ಬಿಡಿ. ರಟ್ಟು, ಥರ್ಮೋಕೋಲ್ ಬಿಸಾಡಬೇಡಿ, ಪ್ಯಾಕಿಂಗ್ ಇಲ್ಲ ಅಂತ ಪಿಕಪ್‌ಗೆ ಬಂದವರು ವಾಪಸ್ ಹೋದದ್ದನ್ನು ನೋಡಿದ್ದೇನೆ.

ಸುಮ್ನೆ ಮನಸ್ಸು ಬದಲಾಯಿತು ಅಂದರೆ ಅಂಗಡಿಯ ನಿಯಮವೇ ಕೊನೆ. ಆದರೆ ವಸ್ತು ಕೆಟ್ಟಿದ್ದರೆ ಅಥವಾ ಪೇಜಿನಲ್ಲಿ ಹೇಳಿದ ಹಾಗೆ ಇಲ್ಲದಿದ್ದರೆ ಮಾರಿದವರು ವಾಪಸ್ ತೆಗೆದುಕೊಳ್ಳಲ್ಲ ಅನ್ನುವ ಹಾಗಿಲ್ಲ. 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳಲ್ಲೇ ಅದಿದೆ. ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಮೇಡಂ ಪುಣ್ಯಕ್ಕೆ ಪೇಜ್‌ನ ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದರು. ಅದರಲ್ಲಿ ಹಲಗೆಯ ದಪ್ಪ 18 ಎಂಎಂ ಅಂತಿತ್ತು. ನಾವು ನೋಡುವ ಹೊತ್ತಿಗೆ ಪೇಜಿನಿಂದ ಆ ಸಾಲು ಮಾಯವಾಗಿತ್ತು. ಟೇಪು ಹಿಡಿದ ಹಲಗೆಯ ಫೋಟೋ, ಸ್ಕ್ರೀನ್‌ಶಾಟ್ ಎರಡನ್ನೂ ಕಳಿಸಿ, 1915ರಲ್ಲಿ ದೂರು ಕೊಟ್ಟ ಮೇಲೆ ದುಡ್ಡು ವಾಪಸ್ ಬಂತು. ಮಂಚ ಬಿಚ್ಚಿಕೊಟ್ಟವನು ನಾನೇ, ಹೊರಗೆ ತೆಗೆಯುವಾಗ ನಾಲ್ಕು ಸ್ಕ್ರೂ ಕೈಯಲ್ಲೇ ಕಿತ್ತು ಬಂದವು.