ಹಳೇ ಟಿವಿಗೆ ದೊಡ್ಡ ನಂಬರ್ ಬೇಕಾಗಿಲ್ಲ

ಟಿವಿ ಕೆಟ್ಟಿದೆ ಅಂತ ಕರೆಸುತ್ತಾರೆ. ಹೋಗಿ ನೋಡಿದರೆ ಟಿವಿ ಚೆನ್ನಾಗೇ ಇರುತ್ತದೆ. ಕೇಬಲ್ ಬಾಕ್ಸ್‌ನ ಮೆನುವಿನಲ್ಲಿ ಯಾರೋ ಎಲ್ಲಕ್ಕಿಂತ ದೊಡ್ಡ ನಂಬರ್ ಹುಡುಕಿ 1080p ಒತ್ತಿರುತ್ತಾರೆ. ಕೆಲವರ ಮನೆಯಲ್ಲಿ ಪರದೆ ಪೂರ್ತಿ ಕಪ್ಪಾಗಿ "Mode Not Supported" ಅಂತ ಬಂದಿರುತ್ತದೆ. ಅವರ ಸಮಸ್ಯೆ ಬೇಗ ಬಗೆಹರಿಯುತ್ತದೆ. ಚಿತ್ರ ಬರುತ್ತಿದೆ, ಆದರೆ ಏನೋ ಸರಿ ಇಲ್ಲ ಅನ್ನುವವರು ಮಾತ್ರ ವರ್ಷಗಟ್ಟಲೆ ಹಾಗೇ ನೋಡುತ್ತಿರುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಡಬ್ಬದ ಟಿವಿ ಇರುವವರಿಗೆ ಎರಡೇ ಮಾತು. ಹಳದಿ, ಬಿಳಿ, ಕೆಂಪು ಪಿನ್ನಿನ ಎವಿ ವೈರ್‌ನಲ್ಲಿ ಎಚ್‌ಡಿ ಬರುವುದಿಲ್ಲ. ಬಾಕ್ಸ್ ಮೆನುವಿನಲ್ಲಿ 576i ಇರಲಿ, ನಮ್ಮ ದೇಶದ ಟಿವಿ ಪದ್ಧತಿಯಾದ PAL ಇರಲಿ. ಅಮೆರಿಕದ ಪದ್ಧತಿಯಾದ NTSC ಗೆ ಹೋದರೆ ಬಣ್ಣ ಮಾಯವಾಗಬಹುದು, ಇಲ್ಲವೇ ಚಿತ್ರ ಮೇಲಕ್ಕೆ ಉರುಳಬಹುದು. ಅವರಿಗೆ ಇದಕ್ಕಿಂತ ಹೆಚ್ಚು ಆಯ್ಕೆ ಇಲ್ಲ.

ತಲೆನೋವು ಇರುವುದು ಮೊದಲ ತಲೆಮಾರಿನ ಚಪ್ಪಟೆ ಟಿವಿಗಳಲ್ಲಿ. ಬೆಂಗಳೂರಿನಲ್ಲಿ 2013ರ ಮಾರ್ಚ್ ಕೊನೆಗೆ ಕೇಬಲ್‌ಗೆ ಸೆಟ್ ಟಾಪ್ ಬಾಕ್ಸ್ ಕಡ್ಡಾಯವಾಯಿತಲ್ಲ, ಆ ಸುಮಾರಿಗೆ ಕೊಂಡ 32 ಇಂಚಿನ ಎಲ್‌ಸಿಡಿಗಳು ಇನ್ನೂ ಎಷ್ಟೋ ಮನೆಯಲ್ಲಿ ಓಡುತ್ತಿವೆ. ಮುಂದೆ "HD Ready" ಅಂತ ಸ್ಟಿಕ್ಕರ್ ಇರುತ್ತದೆ. ಅವುಗಳಲ್ಲಿ ಹೆಚ್ಚಿನವುಗಳ ಗಾಜಿನ ಹಿಂದೆ ಇರುವುದು ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕೆ. ಬಾಕ್ಸ್ 1080 ಗೆರೆ ಕಳಿಸಿದರೂ ತೋರಿಸಲು ಇರುವುದು 768 ಗೆರೆಯೇ. ಮಿಕ್ಕಿದ್ದನ್ನು ಟಿವಿ ಕುಗ್ಗಿಸಿಕೊಳ್ಳುತ್ತದೆ.

ಇಷ್ಟು ಹೇಳಿದರೆ ಎಲ್ಲರಿಗೂ ಅರ್ಥವಾಗುತ್ತದೆ. ಅರ್ಥವಾಗದೆ ಉಳಿಯುವುದು ನಂಬರಿನ ಮುಂದಿರುವ ಆ ಪುಟ್ಟ ಅಕ್ಷರ, i ಮತ್ತು p. "p ಅಂದ್ರೆ ಹೊಸದು, ಅದೇ ಒಳ್ಳೇದು ಅಲ್ವಾ?" ಅಂತ ಕೇಳದ ಗಿರಾಕಿ ಇಲ್ಲ. ಇದನ್ನು ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ನಮ್ಮಲ್ಲಿ ಎಚ್‌ಡಿ ಚಾನೆಲ್‌ಗಳು ಸಾಮಾನ್ಯವಾಗಿ ಬರುವುದೇ 1080i ಆಗಿ. ಅಂದರೆ 1080 ಗೆರೆ ಒಟ್ಟಿಗೆ ಬರುವುದಿಲ್ಲ. ಮೊದಲು 1, 3, 5 ಹೀಗೆ ಬೆಸ ಗೆರೆಗಳು, ಆಮೇಲೆ 2, 4, 6 ಹೀಗೆ ಸಮ ಗೆರೆಗಳು. ಒಂದು ಕಂತಿಗೆ 540 ಗೆರೆ, ಸೆಕೆಂಡಿಗೆ 50 ಕಂತು. ಡಬ್ಬದ ಟಿವಿಗೆ ಇದು ಸಹಜ. ಅದು ಗೆರೆಗೆರೆಯಾಗಿಯೇ ಚಿತ್ರ ಬರೆಯುತ್ತಿತ್ತು. ಎಲ್‌ಸಿಡಿ ಹಾಗಲ್ಲ. ಅದಕ್ಕೆ ಎಲ್ಲ ಗೆರೆಯೂ ಒಮ್ಮೆಗೇ ಬೇಕು. ಆದ್ದರಿಂದ ದಾರಿಯಲ್ಲಿ ಎಲ್ಲೋ ಒಂದು ಕಡೆ ಎರಡು ಕಂತನ್ನು ಜೋಡಿಸಿ ಪೂರ್ತಿ ಚಿತ್ರ ಮಾಡಲೇಬೇಕು.

ಸ್ಟುಡಿಯೋದಲ್ಲಿ ಕೂತು ಮಾತಾಡುವವರ ಚಿತ್ರವಾದರೆ ಜೋಡಣೆ ಸುಲಭ. ಓಡುವ ಆಟಗಾರನಾದರೆ ಕಷ್ಟ. ಬೆಸ ಗೆರೆಯ ಕಂತಿಗೂ ಸಮ ಗೆರೆಯ ಕಂತಿಗೂ ನಡುವೆ ಸೆಕೆಂಡಿನ ಐವತ್ತನೇ ಒಂದು ಭಾಗ ಕಳೆದಿರುತ್ತದೆ, ಅಷ್ಟರಲ್ಲಿ ಅವನು ಮುಂದೆ ಹೋಗಿರುತ್ತಾನೆ. ಎರಡನ್ನೂ ಸುಮ್ನೆ ಸೇರಿಸಿಬಿಟ್ಟರೆ ಅವನ ಅಂಚು ಬಾಚಣಿಗೆಯ ಹಲ್ಲಿನ ಹಾಗೆ ಕಾಣುತ್ತದೆ. ಅದಕ್ಕೆ ಒಳ್ಳೆಯ ಚಿಪ್ ಆದರೆ ಎಲ್ಲಿ ಚಲನೆ ಇದೆ, ಎಲ್ಲಿ ಇಲ್ಲ ಅಂತ ನೋಡಿ ನೋಡಿ ಜೋಡಿಸುತ್ತದೆ. ಅಗ್ಗದ ಚಿಪ್ ಒಂದು ಕಂತನ್ನೇ ಹಿಗ್ಗಿಸಿ ಕೆಲಸ ಮುಗಿಸುತ್ತದೆ.

ಈಗ ಅಸಲು ವಿಷಯ. ನೀವು ಬಾಕ್ಸ್‌ನಲ್ಲಿ i ಇಟ್ಟರೆ ಈ ಜೋಡಿಸುವ ಕೆಲಸ ಟಿವಿಯದು. p ಇಟ್ಟರೆ ಬಾಕ್ಸ್‌ನದು. ಅಷ್ಟೇ. p ಇಟ್ಟ ಮಾತ್ರಕ್ಕೆ ಚಾನೆಲ್‌ನವರು ಕಳಿಸದ ವಿವರ ಎಲ್ಲಿಂದಲೂ ಹುಟ್ಟುವುದಿಲ್ಲ. ಕೆಲಸವನ್ನು ಯಾರ ಕೈಗೆ ಕೊಡುತ್ತೀರಿ ಅನ್ನುವುದಷ್ಟೇ ನಿಮ್ಮ ಆಯ್ಕೆ. ನಿಮ್ಮ ಟಿವಿ ಒಳಗಿನ ಚಿಪ್ ಚುರುಕೋ, ಬಾಕ್ಸ್ ಒಳಗಿನದು ಚುರುಕೋ? ಇದನ್ನು ಪೆಟ್ಟಿಗೆ ಮೇಲಿನ ಬರಹ ನೋಡಿ ಹೇಳಲಾಗದು. ಕಣ್ಣಿಂದ ನೋಡಿಯೇ ಹೇಳಬೇಕು.

ಹೇಗೆ ನೋಡುವುದು ಅಂತ ರಾಜಾಜಿನಗರದ ಒಂದು ಮನೆಯ ಕಥೆ ಹೇಳುತ್ತೇನೆ. ನಿವೃತ್ತ ಮೇಷ್ಟ್ರು, ಅವರ ಹೆಂಡತಿ, ಇಬ್ಬರೇ. ಮೇಷ್ಟ್ರಿಗೆ ಕ್ರಿಕೆಟ್ ಮತ್ತು ನ್ಯೂಸ್, ಅಮ್ಮನಿಗೆ ಸಂಜೆಯ ಧಾರಾವಾಹಿ. 32 ಇಂಚಿನ ಎಚ್‌ಡಿ ರೆಡಿ ಟಿವಿ. "ಕೆಳಗೆ ಓಡೋ ಅಕ್ಷರ ಓದೋಕೇ ಆಗಲ್ಲಪ್ಪ, ಎಡವಿ ಎಡವಿ ಹೋಗುತ್ತೆ. ವೈರ್ ಸರಿ ಇಲ್ಲ ಅಂದ್ರು, ಎಸ್‌ಪಿ ರೋಡಿಂದ ದುಬಾರಿ ಎಚ್‌ಡಿಎಂಐ ತರಿಸಿದೆ. ಅದೂ ಹಂಗೇ" ಅಂದರು. ವೈರ್‌ನದು ತಪ್ಪಲ್ಲ ಮೇಷ್ಟ್ರೇ ಅಂದೆ. ವೈರ್ ಕೆಟ್ಟರೆ ಪರದೆ ಮೇಲೆ ಚುಕ್ಕೆ ಮಿಂಚುತ್ತದೆ, ಇಲ್ಲವೇ ಚಿತ್ರ ಹೋಗಿ ಹೋಗಿ ಬರುತ್ತದೆ. ಅಕ್ಷರ ಎಡವುವುದಿಲ್ಲ.

ಟಿವಿಯ ರಿಮೋಟ್‌ನಲ್ಲಿ INFO ಒತ್ತಿದೆ. ಬಾಕ್ಸ್‌ನದಲ್ಲ, ಟಿವಿಯ ರಿಮೋಟ್. ಒಳಗೆ ಬರುತ್ತಿರುವ ಸಿಗ್ನಲ್ ಏನು ಅಂತ ಅದು ತೋರಿಸುತ್ತದೆ:

```
1920x1080p 60Hz
```

ಅಕ್ಷರ ಎಡವಲು ಕಾರಣ ಆ 60. ಚಾನೆಲ್ ಕಳಿಸುವುದು ಸೆಕೆಂಡಿಗೆ 50. ಬಾಕ್ಸ್ 60 ಕೊಡಬೇಕಾದರೆ ಬಾಕಿ 10 ಎಲ್ಲಿಂದ ತರುತ್ತದೆ? ಹಿಂದಿನದನ್ನೇ ಮತ್ತೆ ತೋರಿಸುತ್ತದೆ. ಸೆಕೆಂಡಿಗೆ ಹತ್ತು ಸಲ ಓಡುವ ಅಕ್ಷರ ಒಂದು ಕ್ಷಣ ನಿಂತು ಮುಂದೆ ಹೋಗುತ್ತದೆ. ಮುಖ ನೋಡುವಾಗ ಗೊತ್ತಾಗುವುದಿಲ್ಲ. ಒಂದೇ ವೇಗದಲ್ಲಿ ಹೋಗಬೇಕಾದ ಸುದ್ದಿ ಪಟ್ಟಿಯಲ್ಲಿ ಎದ್ದು ಕಾಣುತ್ತದೆ. ಹಾಗಾಗಿ i, p ಯೋಚನೆಗೂ ಮೊದಲು ಮೆನುವಿನಲ್ಲಿ 50 ಇರುವ ಆಯ್ಕೆಯನ್ನೇ ಹಿಡಿಯಿರಿ. ಇಲ್ಲಿ ಮಾರಿದ ಟಿವಿಗಳು 50 ಒಪ್ಪುತ್ತವೆ. ಮಗ ಅಮೆರಿಕದಿಂದ ತಂದ ಟಿವಿಯಾದರೆ ಒಪ್ಪದೇ ಇರಬಹುದು, ಅಂಥವರು 60ರಲ್ಲೇ ಸುಧಾರಿಸಿಕೊಳ್ಳಬೇಕಾಗುತ್ತದೆ. ಇನ್ನೊಂದು, 1080p ಮುಂದೆ 25 ಅಥವಾ 30 ಅಂತ ಇದ್ದರೆ ಕ್ರಿಕೆಟ್ ನೋಡುವವರು ಅದನ್ನು ಮುಟ್ಟಲೇಬೇಡಿ. ಚಲನೆ ಅರ್ಧಕ್ಕೆ ಇಳಿದು ಚೆಂಡು ಹಾರಿ ಹಾರಿ ಹೋಗುತ್ತದೆ.

ಬಾಕ್ಸ್ ಮೆನುವಿನಲ್ಲಿ ಮೊದಲು 1080i 50 ಇಟ್ಟೆ. ಸುದ್ದಿ ಪಟ್ಟಿ ಕೂಡಲೇ ನೀರಿಳಿದಂತೆ ಸರಾಗವಾಯಿತು. ಮೇಷ್ಟ್ರು ಕನ್ನಡಕ ಸರಿ ಮಾಡಿಕೊಂಡು ಒಂದು ಸುದ್ದಿ ಪೂರ್ತಿ ಓದಿದರು. ಆದರೆ ಅಲ್ಲಿಗೇ ನಿಲ್ಲಿಸಬಾರದು. ಹಳೇ ಪಂದ್ಯ ತೋರಿಸುತ್ತಿದ್ದ ಎಚ್‌ಡಿ ಚಾನೆಲ್ ಹಾಕಿ ಪರದೆ ಹತ್ತಿರ ನಿಂತೆವು. ನೋಡಬೇಕಾದ್ದು ಆಟಗಾರನನ್ನಲ್ಲ, ಪಿಚ್ ಮೇಲಿನ ಬಿಳಿ ಗೆರೆ ಮತ್ತು ಬೌಂಡರಿ ಹಗ್ಗ. ಕ್ಯಾಮೆರಾ ಚೆಂಡಿನ ಹಿಂದೆ ತಿರುಗಿದಾಗ ಹಗ್ಗ ಓರೆಯಾಗಿ ಬರುತ್ತದಲ್ಲ, ಆಗ ಅದು ನುಣುಪಾಗಿ ಇರಬೇಕು. ಇವರ ಟಿವಿಯಲ್ಲಿ ಹಗ್ಗ ಮೆಟ್ಟಿಲು ಮೆಟ್ಟಿಲಾಗಿ ಒಡೆದು, ಮೇಲೆ ಕೆಳಗೆ ಅದುರುತ್ತಿತ್ತು. ಟಿವಿಯ ಚಿಪ್ ಜೋಡಿಸುತ್ತಿಲ್ಲ, ಒಂದೊಂದು ಕಂತಿನ 540 ಗೆರೆಯನ್ನೇ 768ಕ್ಕೆ ಹಿಗ್ಗಿಸುತ್ತಿದೆ ಅನ್ನುವುದಕ್ಕೆ ಇದೇ ಗುರುತು.

ಆಮೇಲೆ 720p 50 ಇಟ್ಟೆ. ಈಗ ಜೋಡಣೆ ಬಾಕ್ಸ್‌ನದು. ಹಗ್ಗ ಒಂದೇ ಗೆರೆಯಾಗಿ ಬಂತು, ಅದುರು ನಿಂತಿತು. ಸ್ಕೋರ್ ಪಟ್ಟಿಯ ಸಣ್ಣ ಅಕ್ಷರ ಒಂದು ಚೂರು ಮೆತ್ತಗಾಯಿತು, ನಿಜ. 1080ರಿಂದ 720ಕ್ಕೆ ಬಾಕ್ಸ್ ಇಳಿಸುತ್ತದೆ, 720ರಿಂದ 768ಕ್ಕೆ ಟಿವಿ ಏರಿಸುತ್ತದೆ, ಎರಡು ಸಲ ಅಳತೆ ಬದಲಾದರೆ ಅಷ್ಟು ಹೋಗಿಯೇ ಹೋಗುತ್ತದೆ. ಆದರೆ 768ರ ಪರದೆಗೆ 720 ಹತ್ತಿರದ ಲೆಕ್ಕ, ನಷ್ಟ ಸಣ್ಣದು. ಮೇಷ್ಟ್ರು ಸೋಫಾಕ್ಕೆ ಹೋಗಿ ಕೂತು ನೋಡಿದರು. ಅಲ್ಲಿಂದ ಅಕ್ಷರದ ವ್ಯತ್ಯಾಸ ಕಾಣಲಿಲ್ಲ, ಹಗ್ಗದ ವ್ಯತ್ಯಾಸ ಕಂಡಿತು. 720p ಇರಲಿ ಅಂದರು. ಅದೇ ಸರಿ.

ಅಮ್ಮ ಒಳಗಿಂದ ಬಂದು, "ನನ್ನ ಧಾರಾವಾಹೀನೂ ಚೆನ್ನಾಗಿ ಆಯ್ತೇನಪ್ಪಾ?" ಅಂದರು. ಅವರು ನೋಡುವುದು ಎಚ್‌ಡಿ ಅಲ್ಲದ ಚಾನೆಲ್, ಅದು ಬರುವುದೇ 576 ಗೆರೆಯಲ್ಲಿ. ಬಾಕ್ಸ್‌ನಲ್ಲಿ ಯಾವ ನಂಬರ್ ಇಟ್ಟರೂ ಅದು ಹಿಗ್ಗಿಸಿದ 576 ಅಷ್ಟೇ. ಅಮ್ಮ, ಅದಕ್ಕೆ ಕೇಬಲ್‌ನವರ ಹತ್ತಿರ ಆ ಚಾನೆಲ್‌ನ ಎಚ್‌ಡಿ ಹಾಕಿಸಬೇಕು ಅಂತ ಹೇಳಿದೆ. ಸೆಟ್ಟಿಂಗ್‌ನಿಂದ ಆಗದ ಕೆಲಸವನ್ನು ಆಗುತ್ತೆ ಅಂತ ಹೇಳಿ ದುಡ್ಡು ತಗೊಳ್ಳುವವರನ್ನು ಕಂಡರೆ ನನಗೆ ತುಂಬಾ ಸಿಟ್ಟು ಬರುತ್ತದೆ.

ಮೇಷ್ಟ್ರ ಮನೆಯ 720p ನೋಡಿ ನೀವೂ ಕಣ್ಣು ಮುಚ್ಚಿ ಅದನ್ನೇ ಇಡಬೇಡಿ. ಟಿವಿಯ ಚಿಪ್ ಚುರುಕಾಗಿದ್ದು ಬಾಕ್ಸ್ ಅಗ್ಗದ್ದಾದರೆ ಫಲಿತಾಂಶ ಉಲ್ಟಾ ಆಗುತ್ತದೆ. ಆಗ 1080iನಲ್ಲೇ ಹಗ್ಗ ನುಣುಪಾಗಿರುತ್ತದೆ, ಅಕ್ಷರವೂ ಚೂಪಾಗಿರುತ್ತದೆ. 1920ಕ್ಕೆ 1080 ಚುಕ್ಕೆಯ ಫುಲ್ ಎಚ್‌ಡಿ ಪರದೆ ಇದ್ದರಂತೂ 1080iನಿಂದಲೇ ಶುರು ಮಾಡಿ, ಯಾಕೆಂದರೆ ಅಲ್ಲಿ 720ಕ್ಕೆ ಇಳಿಸಿದರೆ ನಷ್ಟ ಕಣ್ಣಿಗೆ ಬೀಳುತ್ತದೆ. ಹಗ್ಗ ಒಡೆದರೆ, ಬಾಕ್ಸ್‌ನಲ್ಲಿ 1080p 50 ಇದ್ದು ಟಿವಿ ಅದನ್ನು ಒಪ್ಪಿದರೆ, ಅದನ್ನು ಹಾಕಿ ನೋಡಬಹುದು.

ಒಪ್ಪದಿದ್ದರೆ ಪರದೆ ಕಪ್ಪಾಗುತ್ತದೆ. ಗಾಬರಿ ಬೇಡ, ಏನೂ ಸುಟ್ಟಿಲ್ಲ. ರಿಮೋಟ್ ಕೆಳಗಿಟ್ಟು ಅರ್ಧ ನಿಮಿಷ ಸುಮ್ಮನಿರಿ. "ಇದೇ ಇರಲಿ" ಅಂತ ಒತ್ತದಿದ್ದರೆ ಹಲವು ಬಾಕ್ಸ್‌ಗಳು ತಾವೇ ಹಳೇ ಸೆಟ್ಟಿಂಗ್‌ಗೆ ಮರಳುತ್ತವೆ. ಮರಳದಿದ್ದರೆ ಬಾಕ್ಸ್‌ನ ಎವಿ ವೈರ್ ಸಿಕ್ಕಿಸಿ, ಟಿವಿಯನ್ನು AV ಗೆ ಹಾಕಿ. ಎವಿ ಕಡೆ ಸಾಮಾನ್ಯವಾಗಿ ಚಿತ್ರ ಇದ್ದೇ ಇರುತ್ತದೆ, ಅಲ್ಲೇ ಮೆನು ನೋಡಿಕೊಂಡು ಸರಿ ಮಾಡಬಹುದು. ಅದಕ್ಕೇ ಹೊಸ ಆಯ್ಕೆ ಒತ್ತುವ ಮೊದಲೇ ಆ ವೈರ್ ಸಿಕ್ಕಿಸಿಡಿ ಅಂತ ಹೇಳುವುದು. ಎಲ್ಲ ಬಾಕ್ಸೂ ಹೀಗೇ ನಡೆದುಕೊಳ್ಳುತ್ತದೆ ಅಂತ ನಾನು ಮಾತು ಕೊಡಲಾರೆ. ಎವಿಯಲ್ಲೂ ಏನೂ ಕಾಣದಿದ್ದರೆ ಕೇಬಲ್‌ನವರನ್ನೇ ಕರೆಯಿರಿ.

ನಿಮಗೆ ಹೊಂದಿದ ಸೆಟ್ಟಿಂಗ್ ಸಿಕ್ಕಿದ ಮೇಲೆ ಒಂದು ಚೀಟಿಯಲ್ಲಿ ಬರೆದು ಬಾಕ್ಸ್ ಕೆಳಗೆ ಅಂಟಿಸಿ. ಬಾಕ್ಸ್‌ನ ಸಾಫ್ಟ್‌ವೇರ್ ರಾತ್ರೋರಾತ್ರಿ ಬದಲಾದಾಗ, ಇಲ್ಲವೇ ಕೇಬಲ್ ಹುಡುಗ ರೀಸೆಟ್ ಮಾಡಿ ಹೋದಾಗ ಸೆಟ್ಟಿಂಗ್ Auto ಗೆ ವಾಪಸ್ ಹೋಗಿರುತ್ತದೆ. ಸುದ್ದಿ ಪಟ್ಟಿ ಮತ್ತೆ ಎಡವಲು ಶುರುವಾದರೆ ಮೊದಲು ಟಿವಿ ರಿಮೋಟ್‌ನ INFO ಒತ್ತಿ, ಚೀಟಿಯಲ್ಲಿ ಬರೆದದ್ದೇ ಬರುತ್ತಿದೆಯಾ ನೋಡಿ. ನನಗೆ ಫೋನ್ ಮಾಡುವುದು ಆಮೇಲೆ.