ವಿಮಾನದ ಸಮಯ ಬದಲಾಗಿದೆ ಅಂತ ಮೇಲ್ ಬಂತೇ? Accept ಒತ್ತುವ ಮೊದಲು ಇಷ್ಟು ನೋಡಿ

ಏರ್‌ಲೈನ್ಸ್‌ನಿಂದ "ನಿಮ್ಮ ಪ್ರಯಾಣದಲ್ಲಿ ಸಣ್ಣ ಬದಲಾವಣೆ" ಅಂತ ಮೇಲ್ ಬರುತ್ತದೆ. ಹೊಸ ಸಮಯ ಇರುತ್ತದೆ, ಅದರ ಕೆಳಗೆ ದೊಡ್ಡದಾಗಿ Accept ಅನ್ನುವ ಬಟನ್ ಇರುತ್ತದೆ. ಜಾಸ್ತಿ ಜನ ಅದನ್ನು ಒತ್ತಿ ಸುಮ್ಮನಾಗುತ್ತಾರೆ. ಬೆಂಗಳೂರಿನಲ್ಲಿ ಟಿಕೆಟ್ ಬುಕಿಂಗ್ ಕೆಲಸ ಮಾಡುವ ನನಗೆ ಅಲ್ಲೇ ಸಂಕಟ. ಯಾಕೆಂದರೆ ಅದನ್ನು ಒತ್ತಿದರೆ ಹೊಸ ಸಮಯಕ್ಕೆ ನೀವು ಒಪ್ಪಿದಂತೆ. ಆಮೇಲೆ ಹಣ ವಾಪಸ್ ಕೊಡಿ, ಬೇರೆ ವಿಮಾನ ಕೊಡಿ ಅಂತ ಕೇಳಿದರೆ "ನೀವೇ ಒಪ್ಪಿದ್ದೀರಲ್ಲ" ಅನ್ನುವ ಉತ್ತರ ಬರುತ್ತದೆ.

ಮೇಲ್ ಓದುವುದು ಹೇಗೆ ಅಂತ ಒಂದು ಉದಾಹರಣೆ ಇಟ್ಟುಕೊಂಡೇ ಹೇಳುತ್ತೇನೆ. ಮೈಸೂರಿನ ಹಿರಿಯ ದಂಪತಿ, ಮಗ ಶಿಕಾಗೋದಲ್ಲಿ. ಯುರೋಪಿನ ಒಂದು ಏರ್‌ಲೈನ್ಸ್‌ನಲ್ಲಿ ಬೆಂಗಳೂರು–ಫ್ರಾಂಕ್‌ಫರ್ಟ್–ಶಿಕಾಗೋ, ಎಲ್ಲಾ ಒಂದೇ ಟಿಕೆಟ್. ಮೊದಲಿನ ಟಿಕೆಟ್ಟಿನಲ್ಲಿ ಬೆಂಗಳೂರು ಬಿಡುವುದು ರಾತ್ರಿ 2:30ಕ್ಕೆ, ಫ್ರಾಂಕ್‌ಫರ್ಟ್ ತಲುಪುವುದು ಬೆಳಿಗ್ಗೆ 8:45ಕ್ಕೆ. ಅಲ್ಲಿಂದ 10:30ಕ್ಕೆ ಹೊರಟು ಶಿಕಾಗೋ ಮಧ್ಯಾಹ್ನ 12:30. ಎಲ್ಲಾ ಆಯಾ ಊರಿನ ಸಮಯ.

ಮೇಲ್‌ನ ಮೊದಲ ಸಾಲಿನಲ್ಲಿ ಬೆಂಗಳೂರು ವಿಮಾನ 10 ನಿಮಿಷ ತಡ ಅಂತಿತ್ತು. 2:40ಕ್ಕೆ ಹೊರಟು 8:55ಕ್ಕೆ ತಲುಪುವುದು. ಓದಿದ ಮಗ "ಹತ್ತೇ ನಿಮಿಷ, ಪರವಾಗಿಲ್ಲ" ಅಂದುಕೊಂಡ. ಕೆಳಗೆ ಸ್ಕ್ರೋಲ್ ಮಾಡಿದರೆ ಎರಡನೇ ವಿಮಾನದ ನಂಬರೇ ಬೇರೆ ಆಗಿತ್ತು. 10:30ರ ವಿಮಾನ ಇಲ್ಲ, ಬದಲಿಗೆ ಸಂಜೆ 5:15ರದ್ದು. ಶಿಕಾಗೋ ತಲುಪುವುದು ರಾತ್ರಿ 7:15ಕ್ಕೆ. ಮೇಲ್ ಒಂದೊಂದು ವಿಮಾನವನ್ನು ಬೇರೆ ಬೇರೆ ತೋರಿಸುತ್ತದೆ, ಒಟ್ಟು ಎಷ್ಟು ಬದಲಾಯಿತು ಅಂತ ಎಲ್ಲೂ ಹೇಳುವುದಿಲ್ಲ. ಆ ಲೆಕ್ಕ ನೀವೇ ಮಾಡಬೇಕು.

ಅದಕ್ಕೆ ಹಳೆಯ ಇ-ಟಿಕೆಟ್ ಪಿಡಿಎಫ್ ಬೇಕು. ಆ್ಯಪ್ ತೆರೆದರೆ ಹೊಸ ಸಮಯ ಮಾತ್ರ ಕಾಣಿಸುತ್ತದೆ, ಹಳೆಯದು ಎಷ್ಟೋ ಸಲ ಮಾಯವಾಗಿರುತ್ತದೆ. ಟಿಕೆಟ್ ಕೊಂಡ ದಿನ ಬಂದ ಮೇಲ್ ಹುಡುಕಿ. ಹಳೆಯದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ಮೊದಲ ಊರು ಬಿಡುವ ಸಮಯ, ಕೊನೆಯ ಊರು ತಲುಪುವ ಸಮಯ, ನಡುವೆ ಕಾಯುವ ಹೊತ್ತು, ವಿಮಾನದ ನಂಬರ್, ತಾರೀಖು, ಇಷ್ಟನ್ನು ಹೋಲಿಸಿ. ತಾರೀಖಿನ ಬಗ್ಗೆ ಜಾಸ್ತಿ ಹುಷಾರಾಗಿರಿ. ರಾತ್ರಿ 11:50ರ ವಿಮಾನ 12:20ಕ್ಕೆ ಹೋದರೆ ಅರ್ಧ ಗಂಟೆ ತಡ ಅಷ್ಟೇ, ಆದರೆ ತಾರೀಖು ಮರುದಿನದ್ದು. ಮತ್ತೊಂದು ಮೇಲ್‌ನಲ್ಲಿ 12:20 ಅಂತಲೇ ಇದ್ದು ತಾರೀಖು ಮಾತ್ರ ಹಿಂದಿನದ್ದೇ ಉಳಿದಿದ್ದರೆ ನಿಮ್ಮ ವಿಮಾನ ಸುಮಾರು ಒಂದು ದಿನ ಮುಂಚೆಯೇ ಹೊರಡುತ್ತಿದೆ ಅಂತ ಅರ್ಥ.

ನಮ್ಮ ದಂಪತಿಯ ಲೆಕ್ಕಕ್ಕೆ ಬರೋಣ. ಫ್ರಾಂಕ್‌ಫರ್ಟ್‌ನಲ್ಲಿ ಕಾಯುವುದು 1 ಗಂಟೆ 45 ನಿಮಿಷದಿಂದ 8 ಗಂಟೆ 20 ನಿಮಿಷಕ್ಕೆ ಏರಿದೆ. ಶಿಕಾಗೋ ತಲುಪುವುದು 6 ಗಂಟೆ 45 ನಿಮಿಷ ತಡ. ಈ ಕೊನೆಯ ಅಂಕಿಯೇ ಮುಖ್ಯ.

ಅಮೆರಿಕದ ಸಾರಿಗೆ ಇಲಾಖೆ 2024ರಲ್ಲಿ ತಂದ ನಿಯಮದಲ್ಲಿ ದೊಡ್ಡ ಬದಲಾವಣೆ ಅಂದರೆ ಏನು ಅಂತ ಗಂಟೆಯ ಲೆಕ್ಕದಲ್ಲೇ ಹೇಳಿದ್ದಾರೆ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಮೊದಲ ಊರಿನಿಂದ 6 ಗಂಟೆ ಅಥವಾ ಅದಕ್ಕಿಂತ ಮುಂಚೆ ಹೊರಡುವುದು, ಇಲ್ಲವೇ ಕೊನೆಯ ಊರಿಗೆ 6 ಗಂಟೆ ಅಥವಾ ಅದಕ್ಕಿಂತ ತಡವಾಗಿ ತಲುಪುವುದು. ಅಮೆರಿಕದ ಒಳಗಿನ ಪ್ರಯಾಣಕ್ಕೆ ಅದೇ 3 ಗಂಟೆ. ಹೊರಡುವ ಅಥವಾ ತಲುಪುವ ವಿಮಾನ ನಿಲ್ದಾಣ ಬದಲಾದರೆ, ವಿಮಾನ ಬದಲಿಸಬೇಕಾದ ಊರುಗಳು ಹೆಚ್ಚಾದರೆ, ಕೆಳಗಿನ ಕ್ಲಾಸಿಗೆ ಇಳಿಸಿದರೆ ಕೂಡ ದೊಡ್ಡ ಬದಲಾವಣೆಯೇ. ಆಗ ಹೊಸ ಸಮಯ ಬೇಡ ಅಂದವರಿಗೆ ಹಣ ವಾಪಸ್ ಕೊಡಲೇಬೇಕು, "ನಾನ್ ರಿಫಂಡಬಲ್" ಟಿಕೆಟ್ ಆದರೂ ಸರಿ. ಕ್ರೆಡಿಟ್ ಕಾರ್ಡ್‌ನಲ್ಲಿ ಕೊಂಡಿದ್ದರೆ ಕೆಲಸದ 7 ದಿನದೊಳಗೆ. ವೋಚರ್ ಕೊಡ್ತೀವಿ ಅಂದರೆ ಬೇಡ ಅನ್ನಬಹುದು. ಈ ನಿಯಮ ಅಮೆರಿಕಕ್ಕೆ ಹೋಗುವ, ಅಲ್ಲಿಂದ ಬರುವ ಬೇರೆ ದೇಶದ ಏರ್‌ಲೈನ್ಸ್‌ಗೂ ಅನ್ವಯಿಸುತ್ತದೆ. ನಮ್ಮ ದಂಪತಿ 6 ಗಂಟೆಯ ಗೆರೆ ದಾಟಿದ್ದರು. ವಿಮಾನ ರದ್ದಾಗದೆ ಸಮಯ ಮಾತ್ರ ಬದಲಾಗಿ, ತಡ 5 ಗಂಟೆ 40 ನಿಮಿಷ ಆಗಿದ್ದರೆ ಈ ನಿಯಮದಲ್ಲಿ ರಿಫಂಡ್ ಇಲ್ಲ. ಆಗ ಆ ಏರ್‌ಲೈನ್ಸ್‌ನ ಸ್ವಂತ ಷರತ್ತುಗಳಲ್ಲಿ ಏನಿದೆ ಅಂತ ನೋಡಬೇಕು. ಅಲ್ಲಿ ಕೆಲವು ಸಲ ಇನ್ನೂ ಕಡಿಮೆ ಗಂಟೆಗೇ ಉಚಿತವಾಗಿ ಬೇರೆ ವಿಮಾನ ಕೊಡುತ್ತಾರೆ.

ಇಲ್ಲಿ ತುಂಬಾ ಜನ ತಪ್ಪು ತಿಳಿದುಕೊಂಡಿರುವ ಒಂದು ವಿಷಯ ಇದೆ. ಯುರೋಪಿನಲ್ಲಿ ಇಳಿದು ಹತ್ತುತ್ತೇವಲ್ಲ, ಹಾಗಾಗಿ ವಿಮಾನ ತಡವಾದರೆ, ರದ್ದಾದರೆ ಪರಿಹಾರ ಕೊಡಿಸುವ ಯುರೋಪಿನ 261ನೇ ನಿಯಮ ನಮಗೂ ಸಿಗುತ್ತದೆ ಅಂದುಕೊಳ್ಳುತ್ತಾರೆ. ಸಿಗುವುದಿಲ್ಲ. ಒಂದೇ ಬುಕಿಂಗ್‌ನಲ್ಲಿ ಪ್ರಯಾಣದ ಶುರುವೂ ಕೊನೆಯೂ ಯುರೋಪಿಯನ್ ಒಕ್ಕೂಟದ ಹೊರಗಿದ್ದು, ನಡುವಿನ ನಿಲ್ದಾಣ ಮಾತ್ರ ಅಲ್ಲಿದ್ದರೆ ಆ ನಿಯಮ ಅನ್ವಯಿಸುವುದಿಲ್ಲ ಅಂತ ಒಕ್ಕೂಟದ ನ್ಯಾಯಾಲಯ 2022ರಲ್ಲಿ ಹೇಳಿದೆ. ಬೆಂಗಳೂರಿನಿಂದ ಯುರೋಪಿಗೇ ಹೋಗುವವರು, ಅದೂ ಯುರೋಪಿನ ಏರ್‌ಲೈನ್ಸ್‌ನಲ್ಲಾದರೆ, ಅದನ್ನು ಹಿಡಿದು ಕೇಳಬಹುದು. ಅಲ್ಲಿ ವಿಮಾನವನ್ನು ಒಂದು ಗಂಟೆಗಿಂತ ಜಾಸ್ತಿ ಮುಂಚೆಗೆ ತಂದರೂ ರದ್ದಾದಂತೆಯೇ ಲೆಕ್ಕ.

ಈಗ ದಂಪತಿಗೆ ರಿಫಂಡ್ ಕೇಳುವ ಹಕ್ಕಿತ್ತು. ಆದರೂ ನಾನು ಬೇಡ ಅಂದೆ. ಆ ಟಿಕೆಟ್ ತಿಂಗಳುಗಳ ಹಿಂದೆ ಕಡಿಮೆ ದರದಲ್ಲಿ ಕೊಂಡಿದ್ದು. ಹಣ ವಾಪಸ್ ತಗೊಂಡು ಬೇಸಿಗೆ ರಜೆಯ ದರಕ್ಕೆ ಹೊಸದು ಕೊಂಡರೆ ನಷ್ಟ ಅವರಿಗೇ. ಇಂಥ ಹೊತ್ತಿನಲ್ಲಿ ಹೆಚ್ಚುವರಿ ಹಣ ಕೊಡದೆ ಒಳ್ಳೆಯ ವಿಮಾನಕ್ಕೆ ಬದಲಿಸಿಕೊಳ್ಳುವುದೇ ಲಾಭ. ಆದರೆ "ಬೇರೆ ಏನಾದರೂ ಇದೆಯಾ" ಅಂತ ಕೇಳಬಾರದು. ಯಾವ ವಿಮಾನ ಬೇಕು ಅಂತ ನಾವೇ ಹುಡುಕಿಟ್ಟುಕೊಂಡು, ನಂಬರ್ ಹೇಳಿ ಕೇಳಬೇಕು. ಹುಡುಕಿದಾಗ ಅದೇ ದಿನ ಫ್ರಾಂಕ್‌ಫರ್ಟ್‌ನಿಂದ ಪಾಲುದಾರ ಏರ್‌ಲೈನ್ಸ್‌ನ ವಿಮಾನ ಮಧ್ಯಾಹ್ನ 1:20ಕ್ಕಿತ್ತು, ಶಿಕಾಗೋ 3:25ಕ್ಕೆ. ಸೀಟೂ ಇತ್ತು. ಫೋನ್‌ನಲ್ಲಿ ಹೇಳಿದ್ದು ಇಷ್ಟೇ: "ಇದು ನೀವು ಮಾಡಿದ ಶೆಡ್ಯೂಲ್ ಚೇಂಜ್, ನಾವು ಇನ್ನೂ ಒಪ್ಪಿಲ್ಲ, ಈ ವಿಮಾನಕ್ಕೆ ಫೀ ಇಲ್ಲದೆ, ಫೇರ್ ಡಿಫರೆನ್ಸ್ ಇಲ್ಲದೆ ಬದಲಿಸಿ." ಮೊದಲು ಮಾತಾಡಿದವರು ಆಗಲ್ಲ ಅಂದರು. ಅವರ ಮೇಲಿನವರಿಗೆ ಕೊಡಿ ಅಂದ ಮೇಲೆ ಆಯಿತು.

ಫೋನ್‌ನಲ್ಲಿ ಮೊದಲಿಗೆ ಏರ್‌ಲೈನ್ಸ್‌ನವರೇ ಕೊಟ್ಟ ದಾರಿ ಬೇರೆ ಇತ್ತು. ಫ್ರಾಂಕ್‌ಫರ್ಟ್‌ನಿಂದ ಮ್ಯೂನಿಕ್‌ಗೆ ಹೋಗಿ ಅಲ್ಲಿಂದ ಶಿಕಾಗೋ. ಸಮಯ ಚೆನ್ನಾಗಿತ್ತು. ಆದರೆ ಫ್ರಾಂಕ್‌ಫರ್ಟ್–ಮ್ಯೂನಿಕ್ ಜರ್ಮನಿಯ ಒಳಗಿನ ಪ್ರಯಾಣ, ಅದಕ್ಕೆ ಇಮಿಗ್ರೇಷನ್ ದಾಟಬೇಕು, ಅಂದರೆ ಷೆಂಗೆನ್ ವೀಸಾ ಬೇಕು. ದಂಪತಿ ಹತ್ತಿರ ಇದ್ದಿದ್ದು ಅಮೆರಿಕದ ವೀಸಾ ಮಾತ್ರ. ಒಪ್ಪಿದ್ದರೆ ಬೆಂಗಳೂರಿನಲ್ಲೇ ವಿಮಾನ ಹತ್ತಿಸುತ್ತಿರಲಿಲ್ಲ. ಕಂಪ್ಯೂಟರ್ ತಾನಾಗಿ ಹುಡುಕಿದ ದಾರಿಗೆ ನಿಮ್ಮ ವೀಸಾ ಗೊತ್ತಿರುವುದಿಲ್ಲ. ಯಾರೇ ಹೊಸ ದಾರಿ ಕೊಟ್ಟರೂ ನಡುವಿನ ಊರುಗಳನ್ನು ಮೊದಲು ನೋಡಿ.

ಇನ್ನೊಂದು ಬಟನ್ ಬಗ್ಗೆಯೂ ಹೇಳಬೇಕು. ಮೇಲ್ ನೋಡಿ ಸಿಟ್ಟು ಬಂದು ವೆಬ್‌ಸೈಟ್‌ಗೆ ಹೋಗಿ Cancel booking ಒತ್ತಿಬಿಡುತ್ತಾರೆ. ಎಷ್ಟೋ ಕಡೆ ಅದು ನೀವಾಗಿ ರದ್ದು ಮಾಡಿದ ಲೆಕ್ಕಕ್ಕೆ ಹೋಗುತ್ತದೆ, ಕ್ಯಾನ್ಸಲೇಷನ್ ಚಾರ್ಜ್ ಹಿಡಿದುಕೊಳ್ಳುತ್ತಾರೆ. ಶೆಡ್ಯೂಲ್ ಚೇಂಜ್ ಮೇಲ್‌ನಲ್ಲೇ ಇರುವ ಲಿಂಕ್‌ನಿಂದ ಹೋಗಿ, ಪರದೆಯ ಮೇಲೆ ಪೂರ್ತಿ ಮೊತ್ತ ಕಾಣಿಸಿದ ಮೇಲೆ ಮಾತ್ರ ಮುಂದುವರಿಯಿರಿ. ಟ್ರಾವೆಲ್ ವೆಬ್‌ಸೈಟ್ ಮೂಲಕ ಕೊಂಡಿದ್ದರೆ ಕಾರ್ಡ್ ಸ್ಟೇಟ್‌ಮೆಂಟ್‌ನಲ್ಲಿ ಹಣ ಪಡೆದವರ ಹೆಸರು ಯಾರದ್ದು ಅಂತ ನೋಡಿ. ಅಮೆರಿಕದ ನಿಯಮದಲ್ಲಿ ರಿಫಂಡ್ ಕೊಡುವ ಹೊಣೆ ಅವರದ್ದೇ. ಇದು ಗೊತ್ತಿಲ್ಲದಿದ್ದರೆ ಏಜೆಂಟು ಏರ್‌ಲೈನ್ಸ್ ಕಡೆ ಕೈ ತೋರಿಸುತ್ತಾರೆ, ಏರ್‌ಲೈನ್ಸ್ ಏಜೆಂಟಿನ ಕಡೆ.

ನಮ್ಮ ದೇಶದ ಒಳಗಿನ ವಿಮಾನಗಳಿಗೆ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎ ನಿಯಮ ಇದೆ. ವಿಮಾನ ರದ್ದಾದರೆ ನಿಮಗೆ ಒಪ್ಪಿಗೆಯಾಗುವ ಬೇರೆ ವಿಮಾನ ಅಥವಾ ರಿಫಂಡ್. ಹೊರಡಲು ಎರಡು ವಾರಕ್ಕಿಂತ ಕಡಿಮೆ, ಆದರೆ 24 ಗಂಟೆಗಿಂತ ಜಾಸ್ತಿ ಸಮಯ ಇರುವಾಗ ತಿಳಿಸಿದರೆ, ಬದಲಿ ವಿಮಾನ ಮೂಲ ಸಮಯದ ಎರಡು ಗಂಟೆಯೊಳಗೆ ಹೊರಡುವಂಥದ್ದಾಗಿರಬೇಕು, ಇಲ್ಲವೇ ಹಣ ವಾಪಸ್. ಹಣವನ್ನು ಕ್ರೆಡಿಟ್ ಶೆಲ್‌ನಲ್ಲಿ, ಅಂದರೆ ಮುಂದಿನ ಟಿಕೆಟ್‌ಗೆ ಅಂತ ಏರ್‌ಲೈನ್ಸ್ ಹತ್ತಿರವೇ, ಇಡುವುದು ಪ್ರಯಾಣಿಕರ ಇಷ್ಟ, ಏರ್‌ಲೈನ್ಸ್ ತಾನಾಗಿ ಇಡುವಂತಿಲ್ಲ. ಮೇಲ್‌ನಲ್ಲಿ "ರೀಶೆಡ್ಯೂಲ್" ಅಂತ ಬರೆದು ವಿಮಾನದ ನಂಬರ್ ಬದಲಾಗಿದ್ದರೆ "ನನ್ನ ಮೂಲ ವಿಮಾನ ರದ್ದಾಗಿದೆಯಾ" ಅಂತ ನೇರವಾಗಿ ಕೇಳಿ, ಉತ್ತರ ಬರಹದಲ್ಲಿ ತಗೊಳ್ಳಿ. ಕೊಡದಿದ್ದರೆ ಸರ್ಕಾರದ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ಹಾಕಿ.

ಯಾವ ನಿಯಮದಲ್ಲೂ ಸಿಗದ್ದೂ ಇದೆ. ದಂಪತಿಯ ಮಗ ಶಿಕಾಗೋದಿಂದ ಮುಂದಿನ ಊರಿಗೆ ಬೇರೆ ಟಿಕೆಟ್ ಕೊಂಡಿದ್ದರೆ, ಅದು ತಪ್ಪಿದ್ದಕ್ಕೆ ಮೊದಲ ಏರ್‌ಲೈನ್ಸ್ ಜವಾಬ್ದಾರಿ ಇಲ್ಲ. ಹೋಟೆಲ್ ಮುಂಗಡವೂ ಹಾಗೆಯೇ.

ಬದಲಿಸಿದ ಮೇಲೂ ಒಂದು ಕೆಲಸ ಬಾಕಿ. ಬುಕಿಂಗ್‌ನಲ್ಲಿ ಹೊಸ ವಿಮಾನ ಕಾಣಿಸಿದರೆ ಸಾಲದು, ಟಿಕೆಟ್ ಕೂಡ ಹೊಸದಾಗಿ ರೀಇಶ್ಯೂ ಆಗಬೇಕು. ಎರಡೂ ಬೇರೆ ಬೇರೆ ದಾಖಲೆ. ಬುಕಿಂಗ್ ಬದಲಾಗಿ ಟಿಕೆಟ್ ಹಳೆಯದೇ ಉಳಿದಿದ್ದರೆ ಆನ್‌ಲೈನ್ ಚೆಕ್-ಇನ್ ಆಗುವುದಿಲ್ಲ, ಕೌಂಟರ್‌ನಲ್ಲಿ "ಟಿಕೆಟ್ ಸಿಗ್ತಿಲ್ಲ" ಅಂತಾರೆ. ನಡುರಾತ್ರಿ ಅದನ್ನು ಸರಿ ಮಾಡಿಸಲು ಪಾಲುದಾರ ಏರ್‌ಲೈನ್ಸ್‌ನವರಿಗೆ ಅಧಿಕಾರವೇ ಇರುವುದಿಲ್ಲ. ಆದ್ದರಿಂದ ಹೊಸ ಇ-ಟಿಕೆಟ್ ರಸೀದಿ ಮೇಲ್‌ಗೆ ಬರುವವರೆಗೆ ಬೆನ್ನು ಹತ್ತಿ. ಅದರಲ್ಲಿ ಹೊಸ ವಿಮಾನದ ನಂಬರ್ ಇದೆಯಾ ನೋಡಿ. ನಮ್ಮ ದಂಪತಿಗೆ ಅದು ಬರಲು ಎರಡನೇ ಸಲ ಫೋನ್ ಮಾಡಬೇಕಾಯಿತು. ಆಗಲೇ ಗೊತ್ತಾಗಿದ್ದು, ಹೊಸ ವಿಮಾನಕ್ಕೆ ಅಮ್ಮನ ವೀಲ್‌ಚೇರ್ ಕೋರಿಕೆಯೂ ಇಬ್ಬರ ಸಸ್ಯಾಹಾರಿ ಊಟವೂ ಹೋಗಿರಲಿಲ್ಲ, ಎರಡನ್ನೂ ಮತ್ತೆ ಹಾಕಿಸಿದೆವು.