ಕೊಟೇಶನ್‌ನಲ್ಲಿ 7,884 ಯೂನಿಟ್, ಮಾಡಿನ ಮೇಲೆ 5,400

ಮನೆ ಮೇಲೆ ಸೋಲಾರ್ ಹಾಕಿಸಿದ ಕೊಡಗಿನವರು ಸಾಮಾನ್ಯವಾಗಿ ಜುಲೈನಲ್ಲಿ ಸಿಟ್ಟಾಗುತ್ತಾರೆ. ಇನ್ವರ್ಟರ್ ಆ್ಯಪ್ ತೆರೆದರೆ ದಿನಕ್ಕೆ ಏಳೆಂಟು ಯೂನಿಟ್. ಹೇಳಿದ್ದೋ ಇಪ್ಪತ್ತೊಂದು. ಫೋನ್ ಮಾಡಿದರೆ ಕಂಪನಿಯವರ ಉತ್ತರ ಸಿದ್ಧವಿರುತ್ತದೆ: "ಮಳೆಗಾಲ ಅಲ್ವಾ ಸರ್". ಆ ಉತ್ತರ ಸುಳ್ಳೂ ಅಲ್ಲ. ಹಾಗಾಗಿ ಜುಲೈ ಲೆಕ್ಕ ಹಿಡಿದು ಜಗಳಕ್ಕೆ ಹೋದರೆ ಗೆಲ್ಲುವುದು ಕಷ್ಟ. ತಪ್ಪು ಕಾಣುವುದು ಜನವರಿಯಲ್ಲಿ, ಒಂದು ಮೋಡವೂ ಇಲ್ಲದ ಮಧ್ಯಾಹ್ನ.

ಸುಂಟಿಕೊಪ್ಪದ ಕಡೆ ಒಂದು ಮನೆ ಎಂದುಕೊಳ್ಳೋಣ. 540 ವ್ಯಾಟ್‌ನ ಹತ್ತು ಪ್ಯಾನೆಲ್, ಒಟ್ಟು 5.4 ಕಿಲೋವ್ಯಾಟ್. ಕೊಟೇಶನ್‌ನಲ್ಲಿ ಹೀಗಿದೆ: ಒಂದು ಕಿಲೋವ್ಯಾಟ್‌ಗೆ ದಿನಕ್ಕೆ 4 ಯೂನಿಟ್, ವರ್ಷಕ್ಕೆ 7,884 ಯೂನಿಟ್. ಒಂದು ವರ್ಷ ಕಳೆದ ಮೇಲೆ ನೋಡಿದರೆ ಬಂದದ್ದು 5,400. ಮೂರನೇ ಒಂದು ಭಾಗದಷ್ಟು ಖೋತಾ.

ಇಲ್ಲಿ ನೋಡಬೇಕಾದದ್ದು ಮಾಡು. ಕೊಡಗಿನ ಮನೆಗಳ ಮಾಡು ಮಳೆಗಾಗಿಯೇ ಕಡಿದಾಗಿರುತ್ತದೆ. ಈ ಮನೆಯದು 25 ಡಿಗ್ರಿ ಇಳಿಜಾರು, ಒಂದು ಮಗ್ಗುಲು ದಕ್ಷಿಣಕ್ಕೆ, ಇನ್ನೊಂದು ಉತ್ತರಕ್ಕೆ. ಜಾಗ ಸಾಲದೆ ಕೆಲಸದವರು ಐದು ಪ್ಯಾನೆಲ್ ದಕ್ಷಿಣಕ್ಕೆ, ಐದು ಉತ್ತರಕ್ಕೆ ಹಾಕಿದ್ದಾರೆ. ಜನವರಿ ನಡುವಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ನೆತ್ತಿಯಿಂದ ಸುಮಾರು 33 ಡಿಗ್ರಿ ಕೆಳಗೆ. ದಕ್ಷಿಣದ ಪ್ಯಾನೆಲ್‌ಗಳಿಗೆ ಬಿಸಿಲು ಹೆಚ್ಚುಕಡಿಮೆ ನೇರವಾಗಿ ಬೀಳುತ್ತದೆ. ಉತ್ತರದವಕ್ಕೆ ಓರೆಯಾಗಿ ತಾಗುತ್ತದೆ, ಸಿಗುವುದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೆ. ಜೂನ್‌ನಲ್ಲಿ ಸೂರ್ಯ ಉತ್ತರಕ್ಕೆ ಬಂದಾಗ ಉತ್ತರದ ಮಗ್ಗುಲಿಗೆ ಒಳ್ಳೆಯ ಕಾಲ. ಆದರೆ ಕೊಡಗಿನಲ್ಲಿ ಜೂನ್‌ನ ಬಿಸಿಲು ಯಾರು ಕಂಡಿದ್ದಾರೆ? ಬಯಲುಸೀಮೆಯಲ್ಲಿ ಉತ್ತರದ ಮಾಡಿಗೆ ಬೇಸಿಗೆಯಲ್ಲಿ ಒಂದಿಷ್ಟು ಪರಿಹಾರ ಸಿಗುತ್ತದೆ. ಇಲ್ಲಿ ಅದನ್ನೂ ಮಳೆ ನುಂಗುತ್ತದೆ.

ಉತ್ತರಕ್ಕೆ ಹಾಕಿದ್ದೇ ದೊಡ್ಡ ಅಪರಾಧವಲ್ಲ. ಬೇರೆ ಜಾಗ ಇಲ್ಲದಿದ್ದರೆ ಹಾಕಲೇಬೇಕಾಗುತ್ತದೆ. ನಿಜವಾದ ತಪ್ಪು ಒಳಗಿದೆ. ಹತ್ತು ಪ್ಯಾನೆಲ್‌ಗಳನ್ನೂ ಒಂದೇ ಸಾಲಿನಲ್ಲಿ ಜೋಡಿಸಿ ಇನ್ವರ್ಟರ್‌ಗೆ ಕೊಟ್ಟುಬಿಟ್ಟಿದ್ದಾರೆ. ಇದಕ್ಕೆ ಸ್ಟ್ರಿಂಗ್ ಎನ್ನುತ್ತಾರೆ. ಒಂದೇ ಸ್ಟ್ರಿಂಗ್‌ನಲ್ಲಿ ಎಲ್ಲ ಪ್ಯಾನೆಲ್‌ಗಳ ಮೂಲಕ ಒಂದೇ ಕರೆಂಟ್ ಹರಿಯಬೇಕು. ಎತ್ತಿನ ಜೋಡಿಯಲ್ಲಿ ಒಂದು ಕುಂಟಿದರೆ ಇನ್ನೊಂದೂ ನಿಧಾನ ಮಾಡಬೇಕಲ್ಲ, ಹಾಗೆ. ಆಗ ಇನ್ವರ್ಟರ್‌ಗೆ ಎರಡೇ ದಾರಿ. ಹತ್ತನ್ನೂ ಉತ್ತರದ ಪ್ಯಾನೆಲ್‌ಗಳ ಸಣ್ಣ ಕರೆಂಟ್‌ನಲ್ಲಿ ಓಡಿಸಬೇಕು, ಇಲ್ಲವೇ ಉತ್ತರದ ಐದನ್ನು ಬದಿಗೆ ಬಿಟ್ಟು ದಕ್ಷಿಣದ ಐದರಿಂದಷ್ಟೇ ತೆಗೆದುಕೊಳ್ಳಬೇಕು. ಯಾವುದನ್ನು ಆರಿಸಿದರೂ ನಷ್ಟವೇ.

ಜನವರಿ ಮಧ್ಯಾಹ್ನದ ಲೆಕ್ಕ ಹಾಕಿದರೆ ಈ ಮನೆಯಲ್ಲಿ ಸುಮಾರು 2.4 ಕಿಲೋವ್ಯಾಟ್ ಬರುತ್ತದೆ. ಎರಡು ಮಗ್ಗುಲಿಗೆ ಎರಡು ಸ್ಟ್ರಿಂಗ್ ಮಾಡಿ, ಪ್ರತಿ ಸ್ಟ್ರಿಂಗನ್ನು ಅದರದೇ ಕರೆಂಟ್‌ನಲ್ಲಿ ನಡೆಸುವ ಎಂಪಿಪಿಟಿ ಎಂಬ ಇನ್‌ಪುಟ್‌ಗಳಲ್ಲಿ ಎರಡು ಬೇರೆ ಬೇರೆಯವಕ್ಕೆ ಕೊಟ್ಟಿದ್ದರೆ ಸುಮಾರು 3.2 ಬರುತ್ತಿತ್ತು. ಪ್ಯಾನೆಲ್ ಅದೇ, ಮಾಡು ಅದೇ, ಬಿಸಿಲೂ ಅದೇ.

ಇದನ್ನು ನೀವೇ ಪತ್ತೆ ಮಾಡಬಹುದು. ಮಾಡಿನಿಂದ ಇನ್ವರ್ಟರ್‌ಗೆ ಬರುವ ಡಿಸಿ ವೈರ್ ಎಣಿಸಿ. ಒಂದೇ ಜೊತೆ ಇದ್ದರೆ ಒಂದೇ ಸ್ಟ್ರಿಂಗ್. ಎರಡು ಇನ್‌ಪುಟ್ ಇರುವ ಇನ್ವರ್ಟರ್ ಆಗಿದ್ದರೆ ಆ್ಯಪ್‌ನಲ್ಲಿ PV1, PV2 ಎಂದು ಎರಡು ಸಾಲು ಕಾಣುತ್ತದೆ. ನಡುಮಧ್ಯಾಹ್ನವೂ PV2 ಸೊನ್ನೆ ತೋರಿಸಿದರೆ ಸಂಶಯವೇ ಬೇಡ. ಮೋಡವಿಲ್ಲದ ದಿನ ಹನ್ನೆರಡರಿಂದ ಒಂದು ಗಂಟೆಯೊಳಗಿನ ಸ್ಕ್ರೀನ್‌ಶಾಟ್ ತೆಗೆದಿಡಿ, ತಾರೀಖು ಕಾಣುವಂತೆ. ಜೊತೆಗೆ ಮಾಡಿನ ಫೋಟೋ ಇರಲಿ. ತೋಟದ ಸಿಲ್ವರ್ ಓಕ್ ನೆರಳು ಆ ಹೊತ್ತಿಗೆ ಪ್ಯಾನೆಲ್ ಮೇಲೆ ಇಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಬ್ಯಾಟರಿ ಇಲ್ಲದೆ ನೇರ ಲೈನ್‌ಗೆ ಜೋಡಿಸಿದ ಈ ಬಗೆಯ ಇನ್ವರ್ಟರ್ ಕರೆಂಟ್ ಹೋದಾಗ ತಾನೇ ನಿಲ್ಲುತ್ತದೆ. ಆ ನಷ್ಟವನ್ನು ಕಂಪನಿಯ ತಲೆಗೆ ಕಟ್ಟಲು ಹೋಗಬೇಡಿ, ನಿಮ್ಮ ಲೆಕ್ಕವೇ ಹಗುರವಾಗುತ್ತದೆ.

ಮುಂದೆ ಖೋತಾವನ್ನು ಎರಡು ಪಾಲು ಮಾಡಬೇಕು. PVGIS ಎಂಬ ಉಚಿತ ಜಾಲತಾಣದಲ್ಲಿ ನಿಮ್ಮ ಮನೆಯ ಜಾಗ, ಇಳಿಜಾರು, ದಿಕ್ಕು ಕೊಟ್ಟರೆ ತಿಂಗಳು ತಿಂಗಳಿಗೆ ಎಷ್ಟು ಯೂನಿಟ್ ಬರಬಹುದು ಎಂದು ಹೇಳುತ್ತದೆ. ಮಳೆಗಾಲದ ಮೋಡವೂ ಆ ಲೆಕ್ಕದಲ್ಲಿ ಸೇರಿರುತ್ತದೆ. ಎರಡು ಮಗ್ಗುಲಿಗೆ ಬೇರೆ ಬೇರೆಯಾಗಿ 2.7 ಕಿಲೋವ್ಯಾಟ್ ಹಾಕಿ ಕೂಡಿಸಿ. ಮೊತ್ತ 6,500 ಬಂತು ಎನ್ನೋಣ. ಆಗ 7,884ರಿಂದ 6,500ರವರೆಗಿನ ಕೊರತೆ ಮಳೆ ಮತ್ತು ಮಾಡಿನದು. ಅಂದರೆ ಆ ಅಂಕಿ ಮೊದಲಿಗೇ ಆಗದ ಮಾತು, ಬಯಲುಸೀಮೆಯ 4 ಯೂನಿಟ್ ಲೆಕ್ಕವನ್ನು ಸುಮ್ನೆ ಇಲ್ಲಿಗೆ ತಂದಿದ್ದಾರೆ. ಉಳಿದ 1,100 ಯೂನಿಟ್ ವೈರಿಂಗ್‌ನಲ್ಲಿ ಹೋದದ್ದು.

ಈ ಎರಡು ಪಾಲಿಗೆ ಎರಡು ಬೇರೆ ಕಾಗದ. ಪ್ಯಾನೆಲ್‌ನ 25 ವರ್ಷದ ವಾರಂಟಿ ನೋಡಿ ಹಲವರು ಧೈರ್ಯವಾಗಿರುತ್ತಾರೆ. ಈ ಜಗಳದಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ. ಅದು ಹೇಳುವುದು ಪ್ಯಾನೆಲ್ ಪ್ರಯೋಗಾಲಯದ ಬೆಳಕಿನಲ್ಲಿ ಎಷ್ಟು ವ್ಯಾಟ್ ಕೊಡುತ್ತದೆ ಎಂಬುದನ್ನು, ನಿಮ್ಮ ಮಾಡಿನ ಮೇಲೆ ಎಷ್ಟು ಯೂನಿಟ್ ಬರುತ್ತದೆ ಎಂಬುದನ್ನಲ್ಲ. ಇಲ್ಲಿ ಪ್ಯಾನೆಲ್ ಚೆನ್ನಾಗಿಯೇ ಇದೆ. ಆಗದ ಮಾತಿಗೆ ಹಿಡಿಯಬೇಕಾದದ್ದು ಕೊಟೇಶನ್. "ಅಂದಾಜು" ಎಂಬ ಪದ ಅದರಲ್ಲಿದ್ದರೆ ಅವರು ಅದರ ಹಿಂದೆ ಅಡಗುತ್ತಾರೆ. ಆದರೆ ಮಾಡು ನೋಡಿದ ಮೇಲೆ ಬರೆದ ಅಂದಾಜಿಗೆ ಮಾಡಿನ ದಿಕ್ಕು ಲೆಕ್ಕಕ್ಕೆ ಬರಲಿಲ್ಲವೇ ಎಂದು ಕೇಳಬಹುದು.

ವೈರಿಂಗ್ ತಪ್ಪಿಗೆ ಹಿಡಿಯಬೇಕಾದದ್ದು ಕೆಲಸದ ವಾರಂಟಿ. ಪಿಎಂ ಸೂರ್ಯಘರ್ ಸಬ್ಸಿಡಿಯಲ್ಲಿ ಹಾಕಿಸಿದ್ದರೆ ನೀವು ಸಹಿ ಮಾಡಿದ ಒಪ್ಪಂದವನ್ನು ಹುಡುಕಿ ತೆಗೆಯಿರಿ. ಅದರ ಮಾದರಿಯಲ್ಲಿ ಪರ್ಫಾರ್ಮೆನ್ಸ್ ರೇಷಿಯೊ 75 ಶೇಕಡಾ ಇರಬೇಕು, ಐದು ವರ್ಷ ಅದನ್ನು ಉಳಿಸಿಕೊಳ್ಳಬೇಕು ಎಂದಿದೆ. ಬಿದ್ದ ಬಿಸಿಲಿಗೆ ಬರಬೇಕಾದದ್ದರಲ್ಲಿ ಎಷ್ಟು ಪಾಲು ನಿಜವಾಗಿ ಬಂತು ಎಂಬುದೇ ಈ ರೇಷಿಯೊ. ಮಳೆ ಇದರಲ್ಲಿ ನೆಪವಾಗುವುದಿಲ್ಲ, ಏಕೆಂದರೆ ಬಿಸಿಲು ಕಡಿಮೆಯಾದರೆ ಭಾಗಿಸುವ ಅಂಕಿಯೂ ಕಡಿಮೆಯಾಗುತ್ತದೆ.

ಆದರೆ ಒಂದು ಮೋಸವಿದೆ. ಬಿಸಿಲು ಅಳೆಯುವ ಸೆನ್ಸರ್ ಎಲ್ಲಿಟ್ಟಿದ್ದಾರೆ ನೋಡಿ. ಈ ಮನೆಯಲ್ಲಿ ಜನವರಿ ಮಧ್ಯಾಹ್ನ ಅದನ್ನು ಉತ್ತರದ ಮಗ್ಗುಲಲ್ಲಿ ಇಟ್ಟರೆ ರೇಷಿಯೊ 80 ಶೇಕಡಾ ಬಂದು ಪರೀಕ್ಷೆ ಪಾಸ್. ಎರಡೂ ಮಗ್ಗುಲಲ್ಲಿ ಅಳೆದು ಸರಾಸರಿ ತೆಗೆದರೆ 60ರ ಆಸುಪಾಸು. ಹಾಗಾಗಿ ಪತ್ರದಲ್ಲಿ "ಎರಡೂ ಮಗ್ಗುಲಲ್ಲಿ ಅಳತೆ" ಎಂದು ಬರೆದೇ ಕೇಳಿ.

ಪತ್ರ ಉದ್ದ ಬೇಡ. ಕೊಟೇಶನ್‌ನ ತಾರೀಖು ಮತ್ತು ಅಂಕಿ, ವರ್ಷದ ನಿಜವಾದ ಯೂನಿಟ್, ಜನವರಿಯ ಸ್ಕ್ರೀನ್‌ಶಾಟ್, ಒಪ್ಪಂದದ ಆ ಸಾಲು. ಬೇಡಿಕೆ ಎರಡು: ಸ್ವಂತ ಖರ್ಚಿನಲ್ಲಿ ಸ್ಟ್ರಿಂಗ್ ಬೇರೆ ಮಾಡಿಕೊಡಬೇಕು, ಹೇಳಿದ ಯೂನಿಟ್‌ಗೂ ಬರಬಲ್ಲ ಯೂನಿಟ್‌ಗೂ ಇರುವ ವ್ಯತ್ಯಾಸಕ್ಕೆ ಹಣ ಮರಳಿಸಬೇಕು. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಸೆಸ್ಕ್ ಕಚೇರಿಗೂ ಒಂದು ಪ್ರತಿ ಕೊಡಿ. ಉತ್ತರ ಬರದಿದ್ದರೆ 1915 ಗ್ರಾಹಕ ಸಹಾಯವಾಣಿ. ಅಲ್ಲೂ ಆಗದಿದ್ದರೆ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗ. ಕಂಪನಿ ಮೈಸೂರಿನದಾದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅವಕಾಶ ಕೊಟ್ಟಿದೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಗಡುವು ಎರಡು ವರ್ಷ.

ಇನ್ವರ್ಟರ್‌ನಲ್ಲಿ ಎರಡು ಇನ್‌ಪುಟ್ ಇದ್ದರೆ ರಿಪೇರಿಗೆ ಬೇಕಾದದ್ದು ಇನ್ನೊಂದು ಜೊತೆ ಡಿಸಿ ವೈರ್, ಕನೆಕ್ಟರ್, ಒಂದು ದಿನದ ಕೆಲಸ. ಅದಕ್ಕೇ ಕಂಪನಿಯವರು ಕೊನೆಗೆ ಒಪ್ಪಿ ಬರುವ ಸಾಧ್ಯತೆ ಜಾಸ್ತಿ. ಆದರೆ ಜೂನ್‌ನಲ್ಲಿ ಬಂದು ಮಾಡಿ, "ಸರಿಯಾಗಿದೆ" ಎಂಬ ಕಾಗದಕ್ಕೆ ಸಹಿ ಕೇಳಿದರೆ ಹಾಕಬೇಡಿ. ಮೋಡ ಕವಿದಾಗ ಬೆಳಕು ಆಕಾಶದ ಎಲ್ಲ ಕಡೆಯಿಂದ ಬರುತ್ತದೆ, ಎರಡೂ ಮಗ್ಗುಲಿಗೆ ಹೆಚ್ಚುಕಡಿಮೆ ಸಮನಾಗಿ ಬೀಳುತ್ತದೆ. ಒಂದೇ ಸ್ಟ್ರಿಂಗ್ ಇದ್ದರೂ ಆಗ ವ್ಯತ್ಯಾಸ ಕಾಣುವುದಿಲ್ಲ. PV1, PV2 ಎರಡೂ ನಡೆಯುತ್ತಿವೆಯೇ ಎಂದು ನೋಡಿಕೊಂಡು, ಕೆಲಸ ಆದ ತಾರೀಖು ಮಾತ್ರ ಬರೆದು ಕೊಡಿ. ಯೂನಿಟ್ ಸರಿಯಾಯಿತು ಎಂಬ ಸಹಿ ಜನವರಿಯ ಬಿಸಿಲಲ್ಲಿ 3.2ರ ಹತ್ತಿರ ಕಂಡ ಮೇಲೆ.